ಬೆಕ್ಕು ಕಚ್ಚಿದರೆ: ಮೊದಲ 15 ನಿಮಿಷದಿಂದ 28ನೇ ದಿನದವರೆಗೆ

ನಾಯಿ ಕಚ್ಚಿದರೆ ಮನೆಯವರೆಲ್ಲ ಎದ್ದು ಆಸ್ಪತ್ರೆಗೆ ಓಡುತ್ತಾರೆ. ಬೆಕ್ಕು ಕಚ್ಚಿದರೆ ಮಾತ್ರ 'ಏನೂ ಆಗುವುದಿಲ್ಲ, ಸ್ವಲ್ಪ ಅರಿಶಿನ ಹಚ್ಚು' ಎಂಬ ಮಾತು ಬರುತ್ತದೆ. ಗಾಯ ನೋಡಿದರೆ ಹಾಗೆ ಹೇಳುವವರನ್ನು ದೂರುವಂತೆಯೂ ಇಲ್ಲ. ಎರಡು ಸಣ್ಣ ಚುಕ್ಕೆ, ಒಂದೆರಡು ಹನಿ ರಕ್ತ, ಅರ್ಧ ಗಂಟೆಯಲ್ಲಿ ಅದೂ ನಿಂತು ತೂತಿನ ಬಾಯಿ ಮುಚ್ಚಿಕೊಂಡಿರುತ್ತದೆ. ತೊಂದರೆ ಇರುವುದೇ ಅಲ್ಲಿ. ಬೆಕ್ಕಿನ ಕೋರೆಹಲ್ಲು ಗೋಣಿ ಹೊಲಿಯುವ ಸೂಜಿಯಂತೆ ತೆಳ್ಳಗೆ, ಉದ್ದಕ್ಕೆ ಇರುತ್ತದೆ. ಅದು ಮಾಂಸವನ್ನು ಹರಿಯುವುದಿಲ್ಲ, ನೇರವಾಗಿ ಒಳಗೆ ಇಳಿಯುತ್ತದೆ. ಬಾಯಲ್ಲಿದ್ದ ರೋಗಾಣುಗಳನ್ನು ಆಳದಲ್ಲಿ ಬಿಟ್ಟು ಹೊರಬರುತ್ತದೆ, ಮೇಲಿನ ಚರ್ಮ ಅದರ ಮೇಲೆ ಮುಚ್ಚಿಕೊಳ್ಳುತ್ತದೆ.

ಬೆಕ್ಕು ಕಚ್ಚಿದ ದಿನದಿಂದ ಎರಡು ಅಪಾಯಗಳು ಬೇರೆ ಬೇರೆ ವೇಗದಲ್ಲಿ ನಡೆಯುತ್ತಿರುತ್ತವೆ. ಒಂದು ಕೀವು. ಅದು ಗಂಟೆಗಳ ಲೆಕ್ಕದಲ್ಲಿ ಬರುತ್ತದೆ, ಕಣ್ಣಿಗೆ ಕಾಣುತ್ತದೆ, ನೋಯುತ್ತದೆ. ಇನ್ನೊಂದು ರೇಬೀಸ್, ಅಂದರೆ ನಾವು ಹುಚ್ಚುನಾಯಿ ರೋಗ ಎನ್ನುವುದು. ಅದು ವಾರ, ತಿಂಗಳುಗಳ ಲೆಕ್ಕದಲ್ಲಿ ಬರುತ್ತದೆ ಮತ್ತು ಬಂದು ಕಾಣಿಸಿಕೊಳ್ಳುವವರೆಗೆ ಯಾವ ಸುಳಿವನ್ನೂ ಕೊಡುವುದಿಲ್ಲ. ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಆದ್ದರಿಂದ ಒಂದನ್ನು ನೋಡಿಕೊಂಡು ಇನ್ನೊಂದನ್ನು ಮರೆಯುವಂತಿಲ್ಲ. ಲಸಿಕೆ ಹಾಕಿಸಿಕೊಂಡು ಬಂದವರ ಬೆರಳು ಮೂರನೇ ದಿನ ಕೀವು ತುಂಬಿ ಊದುವುದೂ ಉಂಟು, ಕೀವಿಗೆ ಮಾತ್ರೆ ನುಂಗಿ ಗಾಯ ಒಣಗಿತೆಂದು ಲಸಿಕೆಯ ಗೊಡವೆಗೇ ಹೋಗದವರೂ ಉಂಟು.

ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ಅದರ ಜೊತೆಗೇ ಮುಂದೆ ಹೋಗೋಣ. ಶಿರಸಿ ಕಡೆಯ ಒಂದು ತೋಟದ ಮನೆ. ಊರೆಲ್ಲ ಸುತ್ತುವ, ಹೊತ್ತಿಗೆ ಸರಿಯಾಗಿ ಹಾಲಿಗೆ ಬರುವ ಬೆಕ್ಕೊಂದು ಅಟ್ಟದ ಮೇಲೆ ಮರಿ ಹಾಕಿದೆ. ಅಟ್ಟ ಗುಡಿಸಲು ಹತ್ತಿದ ಮನೆಯಾಕೆ ಮರಿಗಳ ಬುಟ್ಟಿಯನ್ನು ಸರಿಸಲು ಕೈ ಹಾಕುತ್ತಾರೆ. ತಾಯಿ ಬೆಕ್ಕು ಅವರ ಬಲಗೈ ತೋರುಬೆರಳಿನ ನಡುವಿನ ಗೆಣ್ಣಿಗೆ ಕಚ್ಚುತ್ತದೆ, ಮುಂಗೈಯನ್ನು ಪರಚುತ್ತದೆ. ಗೆಣ್ಣಿನ ಮೇಲೆ ಒಂದು ತೂತು, ಕೆಳಗೆ ಒಂದು. ಮುಂಗೈಯಲ್ಲಿ ಮೂರು ಗೀರು, ಅವುಗಳಲ್ಲಿ ಒಂದರಿಂದ ರಕ್ತ ಜಿನುಗುತ್ತಿದೆ. ವಯಸ್ಸು ನಲವತ್ತರ ಆಸುಪಾಸು, ತೂಕ 54 ಕಿಲೋ. ದಿನ ನವೆಂಬರ್ 5, ಮಂಗಳವಾರ ಬೆಳಿಗ್ಗೆ ಎಂದಿಟ್ಟುಕೊಳ್ಳಿ.

ತೊಳೆಯುವುದು

ಮೊದಲು ಬೆರಳಿನ ಉಂಗುರ, ಆ ಕೈಯ ಬಳೆ ತೆಗೆಯಬೇಕು. ಸಂಜೆಯ ಹೊತ್ತಿಗೆ ಬೆರಳು ಊದಿದರೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾದೀತು. ನಂತರ ನೇರ ನಲ್ಲಿಯ ಕೆಳಗೆ. ಸಾಬೂನು ಯಾವುದಾದರೂ ನಡೆಯುತ್ತದೆ. ಮೈ ಸಾಬೂನು, ಬಟ್ಟೆ ಸಾಬೂನಿನ ತುಂಡು, ಪಾತ್ರೆ ತೊಳೆಯುವ ದ್ರವ, ಕೈಗೆ ಸಿಕ್ಕಿದ್ದು. ರೇಬೀಸ್ ವೈರಾಣುವಿನ ಮೇಲೆ ಕೊಬ್ಬಿನ ಒಂದು ಹೊದಿಕೆ ಇರುತ್ತದೆ. ಸಾಬೂನು ಆ ಹೊದಿಕೆಯನ್ನು ಒಡೆಯುತ್ತದೆ, ಹೊದಿಕೆ ಹೋದ ವೈರಾಣು ನಿಷ್ಪ್ರಯೋಜಕ. ಬರೀ ನೀರಿಗಿಂತ ಸಾಬೂನು ನೀರು ಮೇಲು ಎನ್ನುವುದಕ್ಕೆ ಇದೇ ಕಾರಣ.

15 ನಿಮಿಷ ಎಂದರೆ ಗಡಿಯಾರ ನೋಡಿ 15 ನಿಮಿಷ. ಯಾರೂ ಅಷ್ಟು ಹೊತ್ತು ತೊಳೆಯುವುದಿಲ್ಲ. ಎರಡು ನಿಮಿಷಕ್ಕೇ ಸಾಕೆನಿಸುತ್ತದೆ, ಕೈ ಸ್ವಚ್ಛವಾಗಿ ಕಾಣುತ್ತದೆ. ಆದರೆ ತೊಳೆಯಬೇಕಾದದ್ದು ಮೇಲಿನ ಚರ್ಮವನ್ನಲ್ಲ, ತೂತಿನ ಒಳಗನ್ನು. ನೀರು ಹರಿಯುತ್ತಿರುವಾಗ ಗಾಯದ ಎರಡೂ ಬದಿಯ ಚರ್ಮವನ್ನು ಮೆಲ್ಲಗೆ ಎಳೆದು ತೂತಿನ ಬಾಯಿಯನ್ನು ಬಿಡಿಸಿ ಹಿಡಿಯಿರಿ. ಬೆರಳನ್ನು ನಿಧಾನವಾಗಿ ಮಡಚಿ ಬಿಡಿಸಿ. ಪರಚು ಗಾಯಗಳಿಗೂ ಇದೇ ಕ್ರಮ, ಒಂದು ಗೀರನ್ನೂ ಬಿಡಬಾರದು. ಉಗುರಿನಿಂದ ರೇಬೀಸ್ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬೆಕ್ಕು ದಿನವಿಡೀ ಮಾಡುವ ಕೆಲಸವೇ ಪಂಜನ್ನು ನೆಕ್ಕಿ ಶುಚಿ ಮಾಡಿಕೊಳ್ಳುವುದು, ಬಾಯಿಯ ಜೊಲ್ಲು ಉಗುರಿಗೆ ಬಂದೇ ಇರುತ್ತದೆ.

ನಲ್ಲಿ ಇಲ್ಲದ ಕಡೆ ಮತ್ತೊಬ್ಬರು ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಹೊಯ್ಯುತ್ತಿರಲಿ. ಗಾಯವನ್ನು ಬಕೆಟ್ಟಿನೊಳಗೆ ಅದ್ದಿ ಕೂರಬೇಡಿ, ಹರಿಯುವ ನೀರೇ ಬೇಕು. ಬ್ರಶ್, ತೆಂಗಿನ ನಾರು ಹಾಕಿ ಉಜ್ಜಬೇಡಿ. ಉಜ್ಜಿದರೆ ಚರ್ಮ ಇನ್ನಷ್ಟು ಹರಿಯುತ್ತದೆ. ಬಾಯಿಟ್ಟು ರಕ್ತ ಹೀರುವುದು, ಬಲವಾಗಿ ಹಿಂಡುವುದು, ಬಿಸಿ ಮಾಡಿದ ಕಬ್ಬಿಣದಿಂದ ಸುಡುವುದು ಬೇಡವೇ ಬೇಡ. ರಕ್ತ ಜೋರಾಗಿ ಹರಿಯುತ್ತಿದ್ದರೆ ಮಾತ್ರ ಮೊದಲು ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ನಿಲ್ಲಿಸಿ, ಆಮೇಲೆ ತೊಳೆಯಿರಿ.

ತೊಳೆದಾದ ಮೇಲೆ ಮನೆಯಲ್ಲಿ ಪೊವಿಡೋನ್ ಅಯೋಡಿನ್ ದ್ರಾವಣವೋ ಮುಲಾಮೋ ಇದ್ದರೆ ಹಚ್ಚಿ. ಇಲ್ಲದಿದ್ದರೆ ಏನನ್ನೂ ಹಚ್ಚಬೇಡಿ. ಅರಿಶಿನ, ಸುಣ್ಣ, ಕಾಫಿ ಪುಡಿ, ಖಾರದ ಪುಡಿ, ಉಪ್ಪು, ಎಣ್ಣೆ, ಸೊಪ್ಪಿನ ರಸ, ನಮ್ಮ ಮನೆಗಳಲ್ಲಿ ಇವೆಲ್ಲಕ್ಕೂ ಒಬ್ಬೊಬ್ಬ ಹಿರಿಯರ ಬೆಂಬಲವಿದೆ. ಇವು ರೇಬೀಸ್ ವೈರಾಣುವನ್ನು ಕೊಲ್ಲುವುದಿಲ್ಲ. ಉರಿ ಎಬ್ಬಿಸಿ ಗಾಯವನ್ನು ಕೆರಳಿಸುತ್ತವೆ, ತೂತಿನ ಬಾಯಿಗೆ ಮೆತ್ತಿಕೊಂಡು ಆಸ್ಪತ್ರೆಯಲ್ಲಿ ಮತ್ತೆ ಕೆರೆದು ತೆಗೆಯುವ ಕೆಲಸ ಹಚ್ಚುತ್ತವೆ. ಯಾರಾದರೂ ಆಗಲೇ ಹಚ್ಚಿಬಿಟ್ಟಿದ್ದರೆ ಗಾಬರಿ ಬೇಡ, ಅದನ್ನು ತೊಳೆದು ಮತ್ತೆ ಮೊದಲಿನಿಂದ 15 ನಿಮಿಷ ಶುರು ಮಾಡಿ. ಕಚ್ಚಿ ಹಲವು ಗಂಟೆ ಕಳೆದಿದ್ದರೂ, ಮರುದಿನವೇ ಆಗಿದ್ದರೂ ತೊಳೆಯುವುದರಿಂದ ಲಾಭವುಂಟು.

ಬಿಗಿಯಾದ ಪಟ್ಟಿ ಕಟ್ಟಬೇಡಿ. ಆಸ್ಪತ್ರೆಯವರೂ ಬೆಕ್ಕು ಕಚ್ಚಿದ ತೂತಿಗೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. 'ಹೊಲಿಗೆ ಹಾಕದೇ ಕಳಿಸಿದರು' ಎಂದು ಬೇಸರಪಟ್ಟುಕೊಳ್ಳಬೇಡಿ. ಹೊಲಿದು ಮುಚ್ಚಿದರೆ ಒಳಗಿನ ಕೀವಿಗೆ ಹೊರಬರಲು ದಾರಿಯಿಲ್ಲ, ಹೊಲಿಗೆಯ ಸೂಜಿಯೇ ವೈರಾಣುವನ್ನು ಹೊಸ ನರಗಳ ಬಳಿಗೆ ಒಯ್ಯಬಹುದು. ಮುಖದಂಥ ಕಡೆ ದೊಡ್ಡದಾಗಿ ಹರಿದಿದ್ದರೆ, ಮುಂದೆ ಹೇಳುವ ಸೀರಂ ಕೊಟ್ಟ ನಂತರ ಸಡಿಲವಾಗಿ ಒಂದೆರಡು ಹೊಲಿಗೆ ಹಾಕುವುದುಂಟು.

ಯಾವ ದರ್ಜೆಯ ಗಾಯ?

ರೇಬೀಸ್ ಲೆಕ್ಕದಲ್ಲಿ ಗಾಯಗಳಿಗೆ ಮೂರು ದರ್ಜೆಗಳಿವೆ. ಪ್ರಾಣಿಯನ್ನು ಮುಟ್ಟಿದ್ದು, ಉಣಿಸಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೇ ದರ್ಜೆ. ಇದಕ್ಕೆ ಚಿಕಿತ್ಸೆ ಬೇಕಿಲ್ಲ. ರಕ್ತ ಬಾರದ ಸಣ್ಣ ಗೀರು, ತರಚು, ಬರಿ ಚರ್ಮವನ್ನು ಮೆಲ್ಲಗೆ ಕಡಿದದ್ದು ಎರಡನೆಯದು. ಇದಕ್ಕೆ ಲಸಿಕೆ ಬೇಕು. ಚರ್ಮವನ್ನು ದಾಟಿ ಒಳಹೋದ ಕಡಿತ ಅಥವಾ ಪರಚು ಒಂದೇ ಇದ್ದರೂ ಮೂರನೇ ದರ್ಜೆ. ಮೊದಲೇ ಇದ್ದ ಗಾಯವನ್ನು ಪ್ರಾಣಿ ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದು ಕೂಡ ಇದರಲ್ಲೇ ಸೇರುತ್ತದೆ. ಮೂರನೆಯದಕ್ಕೆ ಲಸಿಕೆಯ ಜೊತೆ ಗಾಯದೊಳಕ್ಕೇ ಕೊಡುವ ಸೀರಂ ಬೇಕು.

ಗಾಯದ ಗಾತ್ರ ಈ ದರ್ಜೆಯನ್ನು ನಿರ್ಧರಿಸುವುದಿಲ್ಲ ಎಂಬುದನ್ನು ಗಮನಿಸಿ. ಚರ್ಮ ಪೂರಾ ತೂತಾಗಿದೆಯೇ, ರಕ್ತ ಬಂದಿದೆಯೇ ಎಂಬುದಷ್ಟೇ ಪ್ರಶ್ನೆ. ಹಲ್ಲು ಇಳಿದ ಬೆಕ್ಕಿನ ಕಡಿತ ಹೆಚ್ಚೂಕಡಿಮೆ ಯಾವಾಗಲೂ ಮೂರನೇ ದರ್ಜೆಯದೇ. ಆಸ್ಪತ್ರೆಯಲ್ಲಿ 'ಬೆಕ್ಕು ಸ್ವಲ್ಪ ತಾಗಿತು' ಎಂದರೆ ಎರಡನೇ ದರ್ಜೆ ಎಂದು ಬರೆದುಕೊಂಡಾರು. 'ಹಲ್ಲು ಒಳಗೆ ಇಳಿಯಿತು, ರಕ್ತ ಬಂತು' ಎಂದು ಬಿಡಿಸಿ ಹೇಳಿ. ನಮ್ಮ ಪ್ರಸಂಗದಲ್ಲಿ ಬೆರಳಿನ ಎರಡು ತೂತು, ರಕ್ತ ಬಂದ ಒಂದು ಗೀರು ಮೂರನೇ ದರ್ಜೆ, ಉಳಿದೆರಡು ಗೀರು ಎರಡನೆಯದು. ಒಬ್ಬರಿಗೆ ಬೇರೆ ಬೇರೆ ದರ್ಜೆಯ ಗಾಯಗಳಿದ್ದರೆ ಮೇಲಿನ ದರ್ಜೆಯದೇ ಚಿಕಿತ್ಸೆ.

ಲಸಿಕೆ ಮತ್ತು ಸೀರಂ

ತೊಳೆದ ಕೂಡಲೇ, ಅದೇ ದಿನ ಹೊರಡಬೇಕು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇರುತ್ತದೆ. ಸೀರಂ ಸಾಮಾನ್ಯವಾಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತದೆ. ಹೊರಡುವ ಮೊದಲು ಫೋನ್ ಮಾಡಿ ಎರಡೂ ಇವೆಯೇ ಎಂದು ಕೇಳಿಕೊಂಡರೆ ಒಂದು ಬಸ್ಸಿನ ಖರ್ಚು ಉಳಿಯುತ್ತದೆ. ಸೀರಂ ಇಲ್ಲವೆಂದು ಲಸಿಕೆಯನ್ನೂ ಬಿಟ್ಟು ಬರಬೇಡಿ. ಲಸಿಕೆಯನ್ನು ಅಲ್ಲೇ ಶುರು ಮಾಡಿ, ಚೀಟಿ ಬರೆಸಿಕೊಂಡು ಸೀರಮ್ಮಿಗಾಗಿ ಮುಂದಿನ ಆಸ್ಪತ್ರೆಗೆ ಹೋಗಿ. ಮೊದಲ ಲಸಿಕೆ ಹಾಕಿದ ಏಳು ದಿನದೊಳಗೆ ಸೀರಂ ಕೊಡಬಹುದು. ಅದರ ನಂತರ ದೇಹವೇ ಪ್ರತಿಕಾಯಗಳನ್ನು ತಯಾರಿಸತೊಡಗಿರುತ್ತದೆ, ಆಗ ಸೀರಂ ಆ ಕೆಲಸಕ್ಕೆ ಅಡ್ಡಿಯಾಗುತ್ತದೆ.

ಈ ಎರಡರ ಕೆಲಸ ಬೇರೆ ಬೇರೆ. ಲಸಿಕೆ ನಿಮ್ಮ ದೇಹಕ್ಕೆ ವೈರಾಣುವಿನ ಗುರುತು ಹೇಳಿಕೊಡುತ್ತದೆ. ದೇಹ ಅದನ್ನು ಕಲಿತು ಪ್ರತಿಕಾಯ ತಯಾರಿಸಲು ಒಂದೆರಡು ವಾರ ಬೇಕು. ಅಷ್ಟರವರೆಗೆ ಗಾಯದಲ್ಲೇ ಕುಳಿತಿರುವ ವೈರಾಣುವನ್ನು ಹಿಡಿದು ನಿಲ್ಲಿಸಲು ಬೇರೆಡೆ ತಯಾರಾದ ಪ್ರತಿಕಾಯವನ್ನು ನೇರವಾಗಿ ಗಾಯಕ್ಕೆ ತುಂಬುತ್ತಾರೆ. ಅದೇ ಸೀರಂ, ಪೂರ್ತಿ ಹೆಸರು ರೇಬೀಸ್ ಇಮ್ಯುನೊಗ್ಲೋಬ್ಯುಲಿನ್. ಕುದುರೆಯ ರಕ್ತದಿಂದ ತಯಾರಾದದ್ದಾದರೆ ಕಿಲೋ ತೂಕಕ್ಕೆ 40 ಯೂನಿಟ್, ಮನುಷ್ಯರ ರಕ್ತದಿಂದ ತಯಾರಾದದ್ದಾದರೆ 20 ಯೂನಿಟ್ ಗರಿಷ್ಠ ಮಿತಿ. ಮೊನೊಕ್ಲೋನಲ್ ಪ್ರತಿಕಾಯ ಎಂಬ ಹೊಸ ಔಷಧವೂ ಕೆಲವೆಡೆ ಸಿಗುತ್ತದೆ, ಅದರ ಲೆಕ್ಕ ಬೇರೆ.

54 ಕಿಲೋ ತೂಕದ ನಮ್ಮ ಮನೆಯಾಕೆಗೆ ಕುದುರೆ ಸೀರಮ್ಮಿನ ಮಿತಿ 2160 ಯೂನಿಟ್. ಮಿಲಿಲೀಟರಿಗೆ 300 ಯೂನಿಟ್ ಇರುವ ಸೀಸೆಯಾದರೆ ಸುಮಾರು 7 ಮಿಲಿಲೀಟರ್. ಅಷ್ಟನ್ನೂ ಒಂದು ಬೆರಳಿಗೆ ತುಂಬಲು ಜಾಗವೆಲ್ಲಿದೆ? ಗೆಣ್ಣಿನ ಸುತ್ತ, ತೂತುಗಳ ಒಳಗೆ, ಪರಚು ಗಾಯಗಳ ಅಂಚಿಗೆ ಎಷ್ಟು ಹಿಡಿಸುತ್ತದೋ ಅಷ್ಟನ್ನು ನಿಧಾನವಾಗಿ ತುಂಬುತ್ತಾರೆ. ಬೆರಳು ಬಿಗಿದು ಬಿಳಿಚಿಕೊಳ್ಳುವಷ್ಟು ತುಂಬಿದರೆ ರಕ್ತಸಂಚಾರವೇ ನಿಲ್ಲಬಹುದು. ಉಳಿದದ್ದನ್ನು ಮೊದಲು ತೊಡೆಗೋ ಸೊಂಟಕ್ಕೋ ಕೊಡುತ್ತಿದ್ದರು. ಗಾಯದಿಂದ ದೂರ ಕೊಟ್ಟದ್ದರಿಂದ ಹೆಚ್ಚು ಪ್ರಯೋಜನವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಆ ಸಲಹೆಯನ್ನು ಬದಲಿಸಿತು. ನೀವು ನೋಡಿಕೊಳ್ಳಬೇಕಾದದ್ದು ಇಷ್ಟೇ: ಸೀರಂ ಗಾಯಕ್ಕೆ ಹೋಯಿತೇ? ಎಲ್ಲ ಗಾಯಗಳಿಗೂ ಹೋಯಿತೇ? ಸುಳ್ಳು ಹೇಳಬಾರದು, ಬೆರಳಿಗೆ ಈ ಚುಚ್ಚುಮದ್ದು ಚೆನ್ನಾಗಿಯೇ ನೋಯುತ್ತದೆ. ಕೊಟ್ಟ ಮೇಲೆ ಅಲರ್ಜಿ ಕಾಣಿಸುವುದೇ ಎಂದು ನೋಡಲು ಸ್ವಲ್ಪ ಹೊತ್ತು ಅಲ್ಲೇ ಕೂರಿಸುತ್ತಾರೆ, ಎದ್ದು ಓಡಬೇಡಿ.

ಲಸಿಕೆಯನ್ನು ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದ ಪದರಕ್ಕೆ ಕೊಡುತ್ತಾರೆ. ಪ್ರತಿ ಸಲ ಎರಡೂ ತೋಳಿಗೆ ಒಂದೊಂದು, ತಲಾ 0.1 ಮಿಲಿಲೀಟರ್. ಸರಿಯಾಗಿ ಬಿದ್ದರೆ ಚುಚ್ಚಿದ ಜಾಗದಲ್ಲಿ ಕಡಲೆಬೇಳೆಯಷ್ಟು ಸಣ್ಣ ಗುಳ್ಳೆ ಏಳುತ್ತದೆ. ಏಳದಿದ್ದರೆ ಮದ್ದು ಆಳಕ್ಕೆ ಹೋಗಿದೆ ಎಂದರ್ಥ, ಪಕ್ಕದಲ್ಲಿ ಮತ್ತೊಮ್ಮೆ ಹಾಕಬೇಕು. ಆ ಗುಳ್ಳೆಯನ್ನು ತಿಕ್ಕಬೇಡಿ. ಈ ಕ್ರಮದಲ್ಲಿ ದಿನಗಳು 0, 3, 7, 28. ಸೊನ್ನೆ ಎಂದರೆ ಮೊದಲ ಲಸಿಕೆ ಹಾಕಿಸಿಕೊಂಡ ದಿನ, ಕಚ್ಚಿದ ದಿನವಲ್ಲ. ನಮ್ಮ ಉದಾಹರಣೆಯಲ್ಲಿ ಎರಡೂ ಒಂದೇ ದಿನವಾದ್ದರಿಂದ ನವೆಂಬರ್ 5 ಮಂಗಳವಾರ, 8 ಶುಕ್ರವಾರ, 12 ಮಂಗಳವಾರ, ಕೊನೆಯದು ಡಿಸೆಂಬರ್ 3, ಅದೂ ಮಂಗಳವಾರವೇ. ಖಾಸಗಿ ಆಸ್ಪತ್ರೆಗಳಲ್ಲಿ ಸ್ನಾಯುವಿಗೆ ಒಂದು ಪೂರ್ತಿ ಸೀಸೆ ಕೊಡುವ ಕ್ರಮ ಹೆಚ್ಚು. ಅದರಲ್ಲಿ 0, 3, 7, 14, 28, ಒಟ್ಟು ಐದು. ಅದು ತೋಳಿಗೇ ಆಗಬೇಕು, ಪುಟ್ಟ ಮಕ್ಕಳಿಗಾದರೆ ತೊಡೆಯ ಮುಂಭಾಗದ ಹೊರಬದಿಗೆ. ಪೃಷ್ಠಕ್ಕೆ ಕೊಟ್ಟ ಲಸಿಕೆ ಕೊಬ್ಬಿನಲ್ಲಿ ಸಿಕ್ಕಿಕೊಂಡು ಸರಿಯಾಗಿ ಕೆಲಸ ಮಾಡುವುದಿಲ್ಲ. ಯಾರಾದರೂ ಅಲ್ಲಿಗೆ ಕೊಡಲು ಹೊರಟರೆ ತಡೆದು ಕೇಳಿ.

ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಭಯ ಇನ್ನೂ ಹಳ್ಳಿಗಳಲ್ಲಿ ಉಳಿದಿದೆ. ಆ ಹಳೆಯ ಲಸಿಕೆಯನ್ನು ಭಾರತ 2005ರ ಹೊತ್ತಿಗೇ ಕೈಬಿಟ್ಟಿತು. ಈಗಿನ ಲಸಿಕೆಯನ್ನು ಗರ್ಭಿಣಿಯರು, ಬಾಣಂತಿಯರು, ಹಸುಗೂಸುಗಳು, ವೃದ್ಧರು ಎಲ್ಲರೂ ತೆಗೆದುಕೊಳ್ಳಬಹುದು. ಪಥ್ಯವೂ ಇಲ್ಲ. ಬದನೆಕಾಯಿ, ಮೊಟ್ಟೆ, ಮಾಂಸ ಬಿಡಬೇಕೆನ್ನುವುದು ನಾಟಿ ಮದ್ದಿನ ಕಾಲದ ನೆನಪು. ಆದರೆ ಸ್ಟಿರಾಯ್ಡ್, ಕ್ಯಾನ್ಸರ್ ಔಷಧ, ಅಂಗ ಕಸಿಯ ನಂತರದ ಮಾತ್ರೆ ನುಂಗುತ್ತಿರುವವರು, ಎಚ್‌ಐವಿ ಇರುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಅವರ ದೇಹ ಲಸಿಕೆಗೆ ಸ್ಪಂದಿಸುವುದು ಕಡಿಮೆ.

ಒಂದು ದಿನ ತಪ್ಪಿತೆಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ. ನೆನಪಾದ ಕೂಡಲೇ ಹೋಗಿ ಬಿಟ್ಟಲ್ಲಿಂದ ಮುಂದುವರಿಸಿ. ಕಚ್ಚಿ ಮೂರು ವಾರವಾಯಿತು, ಇನ್ನು ಹೋಗಿ ಏನು ಎನ್ನುವವರಿಗೂ ಇದೇ ಉತ್ತರ. ರೇಬೀಸ್ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಿಗೆ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ವಾರದಲ್ಲಿ, ಅಪರೂಪಕ್ಕೆ ವರ್ಷ ದಾಟಿ. ಲಕ್ಷಣ ಬರುವ ಮೊದಲು ಯಾವ ದಿನ ಹೋದರೂ ತಡವಾಯಿತೆಂದು ಹಿಂದೆ ಕಳಿಸುವಂತಿಲ್ಲ.

ಬೆಕ್ಕು ಏನಾಯಿತು?

ಇಲ್ಲಿ ಬಹಳ ಜನ ಎಡವುತ್ತಾರೆ. '10 ದಿನ ಬೆಕ್ಕನ್ನು ನೋಡೋಣ, ಸತ್ತರೆ ಲಸಿಕೆ ಹಾಕಿಸೋಣ' ಎನ್ನುತ್ತಾರೆ. ಲಸಿಕೆಯನ್ನು ಅಂದೇ ಶುರು ಮಾಡಿ, ಬೆಕ್ಕನ್ನು ಜೊತೆಗೆ ನೋಡುತ್ತಿರಿ. ನಾಯಿ, ಬೆಕ್ಕಿನ ಜೊಲ್ಲಿನಲ್ಲಿ ರೇಬೀಸ್ ವೈರಾಣು ಬಂದ ಮೇಲೆ ಅವು ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು ಸಾಯುತ್ತವೆ. ಆದ್ದರಿಂದ ಕಚ್ಚಿ 10 ದಿನವಾದರೂ ಬೆಕ್ಕು ಗಟ್ಟಿಯಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ತಿಳಿಯಬಹುದು. ಈ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಮುಂಗುಸಿಗೆ, ನರಿಗೆ, ಕಾಡುಬೆಕ್ಕಿಗೆ ಅನ್ವಯಿಸಬೇಡಿ.

ನಮ್ಮ ಉದಾಹರಣೆಯ ಬೆಕ್ಕಿಗೆ ಅಟ್ಟದಲ್ಲಿ ಮರಿಗಳಿವೆ, ಅದು ನವೆಂಬರ್ 15ರವರೆಗೂ ಬಂದೇ ಬರುತ್ತದೆ. ದೂರದಿಂದ ಹಾಲಿಡಿ, ಹಿಡಿಯಲು ಹೋಗಬೇಡಿ. ದಿನಕ್ಕೊಮ್ಮೆ ಅದನ್ನು ಕಂಡೆವೇ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಣ್ಣ ಒಂದೇ ಇರುವ ಎರಡು ಬೆಕ್ಕುಗಳು ಬರುವ ಮನೆಯಾದರೆ ಕಚ್ಚಿದ್ದು ಇದೇ ಎಂಬುದು ಖಚಿತವಿರಲಿ. ಗಮನಿಸಬೇಕಾದದ್ದು: ಕಾರಣವಿಲ್ಲದೆ ಮೈಮೇಲೆ ಎರಗುವುದು, ಕತ್ತಲ ಮೂಲೆಯಲ್ಲಿ ಅಡಗಿ ಕೂರುವುದು, ಕೂಗು ಬದಲಾಗಿ ಕರ್ಕಶವಾಗುವುದು, ಜೊಲ್ಲು ಸುರಿಯುವುದು, ಹಾಲು ನುಂಗಲಾರದಿರುವುದು, ಹಿಂಗಾಲು ಎಳೆಯುವುದು.

ಮರಿಗಳನ್ನು ಕಾಯಲು ಕಚ್ಚಿದ್ದಲ್ಲವೇ, ಅದರಲ್ಲಿ ಹುಚ್ಚೆಲ್ಲಿ ಬಂತು ಎಂದು ಕೇಳಬಹುದು. ಕಾರಣವಿದ್ದು ಕಚ್ಚಿದೆ ಎಂಬುದು ಸಮಾಧಾನದ ಸಂಗತಿಯೇ, ಆದರೆ ಲಸಿಕೆ ಬಿಡಲು ಅದು ಸಾಲದು. ರೇಬೀಸ್ ಇರುವ ಬೆಕ್ಕಿಗೂ ಮರಿಗಳಿರಬಹುದು. ಸಾಕಿದ ಬೆಕ್ಕಿಗೆ ಪ್ರತಿವರ್ಷ ಲಸಿಕೆ ಹಾಕಿಸಿ ಪಶುವೈದ್ಯರ ಪುಸ್ತಕದಲ್ಲಿ ಬರೆಸಿದ್ದರೆ ಆ ಪುಸ್ತಕವನ್ನು ಆಸ್ಪತ್ರೆಗೆ ಒಯ್ಯಿರಿ, ಏನು ಮಾಡಬೇಕೆಂದು ವೈದ್ಯರು ತೀರ್ಮಾನಿಸಲಿ. 'ಒಂದು ಸಲ ಹಾಕಿಸಿದ ನೆನಪು' ಎಂಬುದು ಲೆಕ್ಕಕ್ಕೆ ಬಾರದು.

10 ದಿನದ ನಂತರವೂ ಬೆಕ್ಕು ಆರೋಗ್ಯವಾಗಿದ್ದರೆ, ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನದ ಲಸಿಕೆಯನ್ನು ಬಿಟ್ಟು 28ರಂದು ಹಾಕಿ ಮುಗಿಸಬಹುದೆಂದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಚರ್ಮಕ್ಕೆ ಕೊಡುವ ಕ್ರಮದಲ್ಲಿ ಹಾಗಿಲ್ಲ, ನಾಲ್ಕೂ ದಿನ ಪೂರ್ತಿ ಆಗಬೇಕು. ಆದ್ದರಿಂದ ಮನೆಯಾಕೆ ಡಿಸೆಂಬರ್ 3ಕ್ಕೆ ಹೋಗಲೇಬೇಕು. ಬೆಕ್ಕು ಕಾಣೆಯಾದರೆ ಸತ್ತಿದೆ ಎಂದೇ ಎಣಿಸಿ ಲಸಿಕೆ ಮುಗಿಸಿ. ಸತ್ತದ್ದು ಸಿಕ್ಕರೆ ಬರಿಗೈಯಲ್ಲಿ ಮುಟ್ಟದೆ, ಹೂಳುವ ಮೊದಲು ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬೀಸ್ ಪತ್ತೆಯ ಪ್ರಯೋಗಾಲಯವಿದೆ. ಮೆದುಳನ್ನು ಪರೀಕ್ಷಿಸಿ ಹೇಳುತ್ತಾರೆ. ಫಲಿತಾಂಶಕ್ಕಾಗಿ ಕಾದು ಲಸಿಕೆ ನಿಲ್ಲಿಸಬೇಡಿ.

ಕೀವಿನ ಕಡೆಗೆ

ಈಗ ಗಂಟೆಗಳ ಲೆಕ್ಕದ ಅಪಾಯಕ್ಕೆ ಬರೋಣ. ಬೆಕ್ಕು ಕಚ್ಚಿದ ಗಾಯಗಳಲ್ಲಿ ಸುಮಾರು ಮೂರರಲ್ಲಿ ಒಂದರಿಂದ ಎರಡರಲ್ಲಿ ಒಂದರವರೆಗೆ ಸೋಂಕಾಗುತ್ತದೆ, ನಾಯಿ ಕಡಿತಕ್ಕಿಂತ ಬಹಳ ಹೆಚ್ಚು. ಮುಖ್ಯ ಕಾರಣ ಬೆಕ್ಕಿನ ಬಾಯಲ್ಲಿ ಸದಾ ಇರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ. ಇದು ಅವಸರದ ಜೀವಿ. ಬೆಳಿಗ್ಗೆ ಕಚ್ಚಿದರೆ ಸಂಜೆಗೇ ಗಾಯ ಕೆಂಪಾಗಿ, ಬಿಸಿಯಾಗಿ, ಮುಟ್ಟಲಾಗದಷ್ಟು ನೋಯತೊಡಗಬಹುದು.

ಕೈಗೆ ಕಚ್ಚಿದ್ದರೆ ಹೆಚ್ಚು ಹೆದರಬೇಕು. ಬೆರಳಿನಲ್ಲಿ ಚರ್ಮದ ಕೆಳಗೇ ಸ್ನಾಯುರಜ್ಜು, ಅದರ ಸುತ್ತ ಒಂದು ಕೊಳವೆಯಂಥ ಪೊರೆ, ಗೆಣ್ಣಿನಲ್ಲಿ ಕೀಲು. ಹಲ್ಲು ಅಲ್ಲಿಗೆ ಸುಲಭವಾಗಿ ಮುಟ್ಟುತ್ತದೆ. ಆ ಪೊರೆಯೊಳಗೆ ಕೀವಾದರೆ ಶಸ್ತ್ರಚಿಕಿತ್ಸೆ ಮಾಡಿ ತೊಳೆಯಬೇಕಾಗುತ್ತದೆ, ತಡವಾದರೆ ಬೆರಳು ಮಡಚಲಾಗದೆ ಉಳಿಯುತ್ತದೆ. ಆದ್ದರಿಂದ ಕೈ, ಪಾದ, ಮುಖ, ಕೀಲಿನ ಬಳಿಯ ಕಡಿತಕ್ಕೆ, ಸಕ್ಕರೆ ಕಾಯಿಲೆ, ಪಿತ್ತಜನಕಾಂಗದ ಕಾಯಿಲೆ ಇರುವವರಿಗೆ, ಗುಲ್ಮ ತೆಗೆಸಿಕೊಂಡವರಿಗೆ ಸೋಂಕು ಕಾಣುವ ಮೊದಲೇ ಮೂರರಿಂದ ಐದು ದಿನ ಆ್ಯಂಟಿಬಯೋಟಿಕ್ ಕೊಡುವುದು ರೂಢಿ. ಸಾಮಾನ್ಯವಾಗಿ ಬರೆದುಕೊಡುವುದು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಮಾತ್ರೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಬೇರೆ ದಾರಿಗಳಿವೆ. ಹೋದ ತಿಂಗಳು ಗಂಟಲು ನೋವಿಗೆ ತಂದು ಉಳಿದ ಎರಿತ್ರೊಮೈಸಿನ್, ಸೆಫಲೆಕ್ಸಿನ್ ಪಟ್ಟಿಯನ್ನು ಡಬ್ಬಿಯಿಂದ ತೆಗೆದು ನುಂಗುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಅವು ಪಾಶ್ಚುರೆಲ್ಲಾ ಮೇಲೆ ಸರಿಯಾಗಿ ನಾಟುವುದಿಲ್ಲ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಐದು ವರ್ಷ ಮೀರಿದ್ದರೆ, ಅಥವಾ ಯಾವಾಗ ಎಂದು ನೆನಪಿಲ್ಲದಿದ್ದರೆ, ಅದನ್ನೂ ಅಂದೇ ಹಾಕಿಸಿಕೊಳ್ಳಿ. ರೇಬೀಸ್ ಲಸಿಕೆಯೇ ಬೇರೆ, ಇದೇ ಬೇರೆ. 'ಟಿಟಿ ಹಾಕಿಸಿದ್ದೇನೆ' ಎಂದು ನೆಮ್ಮದಿಯಿಂದ ಮನೆಗೆ ಹೋದವರಿಗೆ ರೇಬೀಸಿನಿಂದ ಯಾವ ರಕ್ಷಣೆಯೂ ಸಿಕ್ಕಿರುವುದಿಲ್ಲ.

ಮೊದಲ ಎರಡು ದಿನ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ, ದಿಂಬಿನ ಮೇಲೆ ಇಟ್ಟುಕೊಳ್ಳಿ. ಗಾಯದ ಸುತ್ತ ಕೆಂಪಾಗಿದ್ದರೆ ಅದರ ಅಂಚಿಗೆ ಬಾಲ್ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ನಾಲ್ಕಾರು ಗಂಟೆ ಬಿಟ್ಟು ನೋಡಿದಾಗ ಕೆಂಪು ಗೆರೆ ದಾಟಿದ್ದರೆ ಸೋಂಕು ಹರಡುತ್ತಿದೆ. ವೈದ್ಯರಿಗೆ ನೂರು ಮಾತಿಗಿಂತ ಆ ಗೆರೆ ಹೆಚ್ಚು ಹೇಳುತ್ತದೆ. ಬೆರಳಿನಲ್ಲಿ ನಾಲ್ಕು ಸಂಗತಿ ನೋಡಿ. ಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮ ಊದಿದೆಯೇ, ತಾನಾಗಿ ಸ್ವಲ್ಪ ಮಡಚಿಕೊಂಡೇ ನಿಂತಿದೆಯೇ, ಅಂಗೈ ಕಡೆಯಿಂದ ಬೆರಳಿನ ಉದ್ದಕ್ಕೂ ಒತ್ತಿದರೆ ನೋಯುತ್ತದೆಯೇ, ಇನ್ನೊಬ್ಬರು ಮೆಲ್ಲಗೆ ನೇರ ಮಾಡಲು ಹೋದರೆ ಜೀವ ಹೋದಂತೆ ನೋಯುತ್ತದೆಯೇ. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಅಂದೇ ಹೋಗಿ. ತೋಳಿನ ಮೇಲೇರುವ ಕೆಂಪು ಗೆರೆ, ಚಳಿಜ್ವರ, ಗಾಯದಿಂದ ಕೀವು ಬಂದರೂ ಹಾಗೆಯೇ.

ತಡವಾಗಿ ಬರುವ ಇನ್ನೊಂದು ಕಾಯಿಲೆ ಇದೆ, ಪರಚಿದ್ದು ಮರೆತೇ ಹೋದ ಮೇಲೆ ಬರುತ್ತದೆ. ಮುಖ್ಯವಾಗಿ ಚಿಗಟ ಹತ್ತಿದ ಮರಿಬೆಕ್ಕುಗಳಿಂದ. ಪರಚಿದ ಜಾಗದಲ್ಲಿ ಮೊದಲು ಒಂದು ಸಣ್ಣ ಗುಳ್ಳೆ, ಒಂದರಿಂದ ಮೂರು ವಾರದ ಮೇಲೆ ಕಂಕುಳಲ್ಲೋ ಕತ್ತಿನಲ್ಲೋ ನೋಯುವ ಗಡ್ಡೆ, ಸಣ್ಣ ಜ್ವರ. ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಕೆಲಸವಿದು. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಆದರೆ ಗಡ್ಡೆ ಎಂದು ವೈದ್ಯರ ಬಳಿ ಹೋದಾಗ ಬೆಕ್ಕು ಪರಚಿದ್ದನ್ನು ಹೇಳದಿದ್ದರೆ ಕ್ಷಯವೋ ಮತ್ತೊಂದೋ ಎಂದು ಪರೀಕ್ಷೆಗಳ ಸಾಲೇ ನಡೆದೀತು.

ಮಕ್ಕಳ ವಿಷಯದಲ್ಲಿ ಒಂದು ಮಾತು. ಬೆಕ್ಕಿನ ಮರಿಯನ್ನು ಕದ್ದು ಎತ್ತಿಕೊಂಡ ಮಗು ಬೈಗುಳಕ್ಕೆ ಹೆದರಿ ಗೀರನ್ನು ತೋಳಿನಡಿ ಮುಚ್ಚಿಕೊಳ್ಳುತ್ತದೆ. ಸಂಜೆ ಕೈಕಾಲು ತೊಳೆಸುವಾಗ ನೋಡಿ. ಸಾಬೂನು ಹಚ್ಚಿದಾಗ 'ಉರಿ' ಎಂದರೆ ಅಲ್ಲಿ ಚರ್ಮ ಒಡೆದಿದೆ. ಬಯ್ಯದೆ ಕೇಳಿದರೆ ಯಾವ ಬೆಕ್ಕು, ಎಲ್ಲಿ, ಯಾವಾಗ ಎಂಬುದೆಲ್ಲ ಹೊರಬರುತ್ತದೆ. ಮಕ್ಕಳಿಗೆ ಮುಖ, ತಲೆಗೆ ಆದ ಗಾಯ ಮೆದುಳಿಗೆ ಹತ್ತಿರ, ಅಲ್ಲಿ ಒಂದು ದಿನವೂ ತಡ ಮಾಡಬಾರದು.

ಎಲ್ಲ ಮುಗಿದ ಮೇಲೆ ಆಸ್ಪತ್ರೆಯ ಚೀಟಿಯನ್ನು ಎಸೆಯಬೇಡಿ. ಲಸಿಕೆಯ ಹೆಸರು, ಚರ್ಮಕ್ಕೋ ಸ್ನಾಯುವಿಗೋ, ಯಾವ ಯಾವ ದಿನ, ಸೀರಂ ಕೊಟ್ಟರೇ ಎಂಬುದು ಅದರಲ್ಲಿರಲಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ನಾಯಿಯೋ ಬೆಕ್ಕೋ ಮತ್ತೆ ಕಚ್ಚಿದರೆ, ಪೂರ್ತಿ ಲಸಿಕೆ ಆದದ್ದಕ್ಕೆ ದಾಖಲೆಯಿದ್ದವರಿಗೆ 0 ಮತ್ತು 3ನೇ ದಿನದ ಎರಡೇ ಸಾಕು, ಸೀರಂ ಬೇಕಿಲ್ಲ. ಗಾಯವನ್ನು ಮಾತ್ರ ಆಗಲೂ 15 ನಿಮಿಷ ತೊಳೆಯಬೇಕು.